20 ಲಕ್ಷದ ಆಫರ್ ದೊಡ್ಡದಾ, 18 ಲಕ್ಷದ್ದಾ? ಒಂದು ಲೆಕ್ಕ ಹಾಕಿ ನೋಡೋಣ

ಹೋದ ಡಿಸೆಂಬರ್‌ನಲ್ಲಿ ಒಂದು ಭಾನುವಾರ ಅಕ್ಕನ ಮಗಳು ಎರಡು ಆಫರ್ ಲೆಟರ್ ಪ್ರಿಂಟ್ ತೆಗೆಸಿಕೊಂಡು ಮನೆಗೆ ಬಂದಳು. ಒಂದು ವೈಟ್‌ಫೀಲ್ಡ್ ಕಡೆಯ ಕಂಪನಿಯದು, ಇನ್ನೊಂದು ಎಲೆಕ್ಟ್ರಾನಿಕ್ ಸಿಟಿಯದು. ಮೊದಲನೆಯದರಲ್ಲಿ ದಪ್ಪ ಅಕ್ಷರದಲ್ಲಿ 20,00,000 ಅಂತ ಇತ್ತು. ಎರಡನೆಯದರಲ್ಲಿ 17,91,100. "ಮಾವ, ಇದರಲ್ಲಿ ಯೋಚನೆ ಮಾಡೋಕೆ ಏನಿದೆ? ಎರಡು ಲಕ್ಷ ಜಾಸ್ತಿ ಅಲ್ವಾ" ಅಂದಳು. ಸೋಮವಾರ ಸಂಜೆಯೊಳಗೆ ಒಂದಕ್ಕೆ ಹೂಂ ಅನ್ನಬೇಕಿತ್ತು.

ನಾನು ಪೇರೋಲ್ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನು. ಆಫರ್ ಲೆಟರ್ ಕೈಗೆ ಬಂದರೆ ಮೊದಲ ಪುಟ ಬಿಟ್ಟು ಕೊನೆಯ ಪುಟಕ್ಕೆ ಹೋಗುವುದು ನನಗೆ ಅಭ್ಯಾಸ. ಅಲ್ಲಿ ಅನೆಕ್ಸರ್ ಅಂತ ಒಂದು ಪಟ್ಟಿ ಇರುತ್ತದೆ. ಆ ದೊಡ್ಡ ಸಂಖ್ಯೆ ಏನೇನು ಸೇರಿ ಆಗಿದೆ ಅಂತ ಅದರಲ್ಲೇ ಗೊತ್ತಾಗುವುದು. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಬರೆದುಕೊಂಡೆವು.

| ವರ್ಷಕ್ಕೆ (ರೂಪಾಯಿ) | ವೈಟ್‌ಫೀಲ್ಡ್ | ಎಲೆಕ್ಟ್ರಾನಿಕ್ ಸಿಟಿ |
|---|---|---|
| ಫಿಕ್ಸೆಡ್ ಸಂಬಳ | 14,40,000 | 15,60,000 |
| ಕಂಪನಿ ಕಟ್ಟುವ ಪಿಎಫ್ | 21,600 | 93,600 |
| ಗ್ರಾಚ್ಯುಟಿ | 34,600 | 37,500 |
| ಇನ್ಶೂರೆನ್ಸ್ ಪ್ರೀಮಿಯಂ | 13,800 | ಸಿಟಿಸಿಯಲ್ಲಿ ಸೇರಿಸಿಲ್ಲ |
| ವೇರಿಯಬಲ್ | 2,40,000 | 1,00,000 |
| ಜಾಯಿನಿಂಗ್ ಬೋನಸ್ | 2,50,000 | ಇಲ್ಲ |
| ಒಟ್ಟು | 20,00,000 | 17,91,100 |

ಪಟ್ಟಿ ಬರೆದು ಮುಗಿಯುವಷ್ಟರಲ್ಲೇ ಅವಳ ಮುಖ ಬದಲಾಯಿತು. 20 ಲಕ್ಷ ಅಂತಿದ್ದ ಕಡೆ ಫಿಕ್ಸೆಡ್ ಸಂಬಳ ಒಂದು ಲಕ್ಷ ಇಪ್ಪತ್ತು ಸಾವಿರ ಕಡಿಮೆ ಇತ್ತು.

ಸಿಟಿಸಿ ಅಂದರೆ ನಿಮ್ಮನ್ನು ಇಟ್ಟುಕೊಳ್ಳುವುದಕ್ಕೆ ಕಂಪನಿಗೆ ಬೀಳುವ ಖರ್ಚು. ಅದು ಕಂಪನಿಯ ಕಡೆಯಿಂದ ನೋಡಿದ ಲೆಕ್ಕ. ಅದರಲ್ಲಿ ಪ್ರತಿ ತಿಂಗಳು ಬರುವ ದುಡ್ಡು ಇದೆ, ಒಂದೇ ಸಲ ಬಂದು ಮುಗಿಯುವ ದುಡ್ಡು ಇದೆ, ಬಂದರೂ ಬರಬಹುದು ಅನ್ನುವ ದುಡ್ಡು ಇದೆ, ಐದು ವರ್ಷ ಬಿಟ್ಟು ಸಿಗುವ ದುಡ್ಡೂ ಇದೆ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೂಡಿದರೆ ಬರುವ ಮೊತ್ತವನ್ನು ಇನ್ನೊಂದು ಕಂಪನಿಯ ಮೊತ್ತಕ್ಕೆ ಹೋಲಿಸಲು ಆಗುವುದಿಲ್ಲ. ಪ್ರತಿ ಸಾಲನ್ನೂ "ಇದು ನನಗೆ ವರ್ಷಕ್ಕೆ ಎಷ್ಟು?" ಅಂತ ಕೇಳಿ ಮತ್ತೆ ಬರೆಯಬೇಕು. ಆ ಭಾನುವಾರ ನಾವು ಮಾಡಿದ್ದು ಅಷ್ಟೇ.

ಫಿಕ್ಸೆಡ್ ಭಾಗದಲ್ಲಿ ಕಷ್ಟ ಏನಿಲ್ಲ. ಬೇಸಿಕ್, ಎಚ್‌ಆರ್‌ಎ, ಸ್ಪೆಷಲ್ ಅಲೋವೆನ್ಸ್ ಸೇರಿ ತಿಂಗಳಿಗೆ ವೈಟ್‌ಫೀಲ್ಡ್‌ನಲ್ಲಿ 1,20,000, ಎಲೆಕ್ಟ್ರಾನಿಕ್ ಸಿಟಿಯಲ್ಲಿ 1,30,000. ಆದರೆ ಇದನ್ನು ಕೈಗೆ ಬರುವ ಸಂಬಳಕ್ಕೆ ಇಳಿಸಿದಾಗ ಒಂದು ವಿಚಿತ್ರ ಕಾಣುತ್ತದೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಬರೀ ಫಿಕ್ಸೆಡ್ ಮೇಲೆ ಲೆಕ್ಕ ಹಾಕಿದರೆ ವೈಟ್‌ಫೀಲ್ಡ್‌ನಲ್ಲಿ ತಿಂಗಳಿಗೆ ಸುಮಾರು 7,345 ತೆರಿಗೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ 8,905. ಪ್ರೊಫೆಷನಲ್ ಟ್ಯಾಕ್ಸ್ 200 ಎರಡೂ ಕಡೆ ಒಂದೇ. ಅವಳ ಪಾಲಿನ ಪಿಎಫ್ ವೈಟ್‌ಫೀಲ್ಡ್‌ನಲ್ಲಿ 1,800, ಎಲೆಕ್ಟ್ರಾನಿಕ್ ಸಿಟಿಯಲ್ಲಿ 7,800. ಎಲ್ಲಾ ಕಳೆದರೆ ಕೈಗೆ ಬರುವುದು 1,10,655 ಮತ್ತು 1,13,095. ವ್ಯತ್ಯಾಸ ಬರೀ ಎರಡೂವರೆ ಸಾವಿರ.

"ಹತ್ತು ಸಾವಿರ ಜಾಸ್ತಿ ಅಂದ್ರಲ್ಲ, ಎಲ್ಲಿ ಹೋಯ್ತು?" ಅಂತ ಕೇಳಿದಳು. ಆರು ಸಾವಿರ ಅವಳ ಪಿಎಫ್ ಖಾತೆಗೆ ಹೋಯಿತು. ಅದು ಖರ್ಚಲ್ಲ, ಅವಳದೇ ದುಡ್ಡು. ಅದರ ಜೊತೆಗೆ ಕಂಪನಿಯೂ ಅಷ್ಟೇ ಹಾಕುತ್ತದೆ.

ಪಿಎಫ್ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಜನ ಇದನ್ನು ನೋಡುವುದೇ ಇಲ್ಲ. ಕಾನೂನಿನ ಪ್ರಕಾರ ಉದ್ಯೋಗಿ 12%, ಕಂಪನಿ 12% ಕಟ್ಟಬೇಕು. ಆದರೆ ಕಡ್ಡಾಯ ಇರುವುದು ತಿಂಗಳಿಗೆ 15,000 ಸಂಬಳದ ಮಿತಿಯ ತನಕ. 15,000ದ 12% ಅಂದರೆ 1,800. ಕೆಲವು ಕಂಪನಿಗಳು ಅಲ್ಲಿಗೇ ನಿಲ್ಲಿಸುತ್ತವೆ. ಇನ್ನು ಕೆಲವು ಪೂರ್ತಿ ಬೇಸಿಕ್ ಮೇಲೆ 12% ಕಟ್ಟುತ್ತವೆ. ವೈಟ್‌ಫೀಲ್ಡ್ ಕಂಪನಿ ಮೊದಲ ಥರದ್ದು, ವರ್ಷಕ್ಕೆ 21,600. ಎಲೆಕ್ಟ್ರಾನಿಕ್ ಸಿಟಿಯದು ಎರಡನೇ ಥರದ್ದು. ಬೇಸಿಕ್ 7,80,000, ಅದರ 12% ಅಂದರೆ 93,600. ವರ್ಷಕ್ಕೆ 72,000 ವ್ಯತ್ಯಾಸ. ಅದೂ ತೆರಿಗೆ ಇಲ್ಲದೆ ಖಾತೆಗೆ ಬೀಳುವ ದುಡ್ಡು. ಅಷ್ಟನ್ನೇ ಸಂಬಳವಾಗಿ ಕೊಟ್ಟಿದ್ದರೆ ಅವಳ ಮಟ್ಟದಲ್ಲಿ 15% ತೆರಿಗೆ, ಮೇಲೆ ಸೆಸ್ ಹೋಗುತ್ತಿತ್ತು. 2024-25ಕ್ಕೆ ಪಿಎಫ್ ಬಡ್ಡಿ 8.25% ಇತ್ತು. ಈ ದುಡ್ಡು ನಾಳೆ ಬೆಳಗ್ಗೆ ಬಾಡಿಗೆ ಕಟ್ಟುವುದಕ್ಕೆ ಸಿಗುವುದಿಲ್ಲ, ಅದು ನಿಜ. ತಲೆ ಮೇಲೆ ಸಾಲ ಇದ್ದು ತಿಂಗಳ ದುಡ್ಡು ಬಿಗಿಯಾಗಿದ್ದರೆ ಕೈಗೆ ಬರುವ ಸಂಬಳಕ್ಕೇ ಹೆಚ್ಚು ತೂಕ ಕೊಡಿ. ಅವಳಿಗೆ ಹಾಗಿರಲಿಲ್ಲ.

ಇಲ್ಲಿ ಒಂದು ತಪ್ಪು ಆಗಾಗ ನೋಡುತ್ತೇನೆ. ನಮ್ಮ ಪಾಲಿನ ಪಿಎಫ್ ಫಿಕ್ಸೆಡ್ ಸಂಬಳದ ಒಳಗಿನಿಂದಲೇ ಹೋಗುತ್ತದೆ. ಅದನ್ನು ಲಾಭ ಅಂತ ಇನ್ನೊಮ್ಮೆ ಕೂಡಬಾರದು. ಹೋಲಿಕೆಗೆ ಸೇರಬೇಕಾದ್ದು ಕಂಪನಿಯ ಪಾಲು ಮಾತ್ರ.

ಗ್ರಾಚ್ಯುಟಿಗೆ ಎರಡೂ ಕಡೆ ಸೊನ್ನೆ ಹಾಕಿದೆವು. ಅವಳಿಗೆ ಸ್ವಲ್ಪ ಬೇಜಾರಾಯಿತು. ಪಟ್ಟಿಯಲ್ಲಿ ಕಾಣುವ ಆ ಮೊತ್ತ ಬೇಸಿಕ್‌ನ 4.81%. ಒಂದು ವರ್ಷದ ಕೆಲಸಕ್ಕೆ 15 ದಿನದ ಬೇಸಿಕ್, ತಿಂಗಳಿಗೆ 26 ದಿನ ಅಂತ ಹಿಡಿದು ಹಾಕುವ ಲೆಕ್ಕದಿಂದ ಅದು ಬರುತ್ತದೆ. ಆದರೆ ಪರ್ಮನೆಂಟ್ ಕೆಲಸದಲ್ಲಿ ಅದು ಕೈಗೆ ಸಿಗಬೇಕಾದರೆ ಸಾಮಾನ್ಯವಾಗಿ ಐದು ವರ್ಷ ಬಿಡದೆ ಅಲ್ಲೇ ಇರಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಒಂದು ವರ್ಷಕ್ಕೇ ಗ್ರಾಚ್ಯುಟಿ ಅಂತ ಇರುವುದು ಫಿಕ್ಸೆಡ್ ಟರ್ಮ್ ಮೇಲೆ ಸೇರಿದವರಿಗೆ. ನಾಲ್ಕು ವರ್ಷದಲ್ಲಿ ಆಗಲೇ ಎರಡು ಕಂಪನಿ ನೋಡಿರುವ ಹುಡುಗಿ ಇವಳು. "ಐದು ವರ್ಷ ಇರ್ತೀಯಾ?" ಅಂತ ಕೇಳಿದೆ. ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಸೊನ್ನೆ.

ಇನ್ನು ವೇರಿಯಬಲ್. ಲೆಟರ್‌ನಲ್ಲಿರುವುದು ಟಾರ್ಗೆಟ್ ಮೊತ್ತ. ಅಂದರೆ ಎಲ್ಲಾ ಅಂದುಕೊಂಡ ಹಾಗೆ ನಡೆದರೆ ಬರುವುದು. ವೈಟ್‌ಫೀಲ್ಡ್ ಕಂಪನಿಯಲ್ಲಿ ಎರಡು ಗುಣಕ ಇದ್ದವು. ಕಂಪನಿಯ ವರ್ಷದ ಫಲಿತಾಂಶ ಒಂದು, ಅವಳ ರೇಟಿಂಗ್ ಇನ್ನೊಂದು. ಎರಡನ್ನೂ ಗುಣಿಸುತ್ತಾರೆ. ಕಂಪನಿಯದು 0.8 ಬಂದು ರೇಟಿಂಗ್‌ದು 0.9 ಬಂದರೆ ಸಿಗುವುದು 72%. ಎರಡೂ ಕಡೆ ಸ್ವಲ್ಪ ಸ್ವಲ್ಪ ಕಡಿಮೆ ಆದರೆ ಒಟ್ಟಿಗೆ ಜಾಸ್ತಿಯೇ ಇಳಿಯುತ್ತದೆ. ಅವಳು ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಕಂಪನಿಯ ಅಂಕಿ ಅವಳ ಕೈಯಲ್ಲಿಲ್ಲ.

ಹಾಗಾದರೆ ಎಷ್ಟು ಅಂತ ಹಿಡಿಯುವುದು? ಊಹೆ ಬೇಡ, ಕೇಳಬೇಕು. ಅವಳು ಅಲ್ಲೇ ಕೂತು ಎರಡೂ ಎಚ್‌ಆರ್‌ಗಳಿಗೆ ಮೇಲ್ ಬರೆದಳು: "ಕಳೆದ ಎರಡು ವರ್ಷ ಈ ಗ್ರೇಡ್‌ನವರಿಗೆ ವೇರಿಯಬಲ್ ಸರಾಸರಿ ಎಷ್ಟು ಪರ್ಸೆಂಟ್ ಬಂದಿದೆ?" ಸೋಮವಾರ ಬೆಳಗ್ಗೆ ಉತ್ತರ ಬಂತು. ವೈಟ್‌ಫೀಲ್ಡ್‌ನಲ್ಲಿ ಒಂದು ವರ್ಷ 70, ಇನ್ನೊಂದು ವರ್ಷ 60. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ, 90ರಿಂದ 100 ಬರುತ್ತದೆ ಅಂದರು. ನಾವು 65 ಮತ್ತು 90 ಹಿಡಿದೆವು. 2,40,000 ಇಳಿದು 1,56,000 ಆಯಿತು. 1,00,000 ಇಳಿದು 90,000. ಉತ್ತರ ಕೊಡಲು ಎಚ್‌ಆರ್ ಹಿಂದೆ ಮುಂದೆ ನೋಡಿದರೆ ನಾನಂತೂ ಅರ್ಧಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ.

ವೇರಿಯಬಲ್‌ನಲ್ಲಿ ಇನ್ನೊಂದು ಸಣ್ಣ ಸಾಲನ್ನು ಹುಡುಕಿ ಓದಬೇಕು: ಯಾವಾಗ, ಯಾರಿಗೆ ಕೊಡುತ್ತಾರೆ ಅನ್ನುವುದು. ವೈಟ್‌ಫೀಲ್ಡ್ ಅನೆಕ್ಸರ್‌ನಲ್ಲಿ ಎರಡು ವಾಕ್ಯ ಇದ್ದವು. ಜನವರಿ 1ರ ನಂತರ ಸೇರಿದವರಿಗೆ ಆ ಆರ್ಥಿಕ ವರ್ಷದ ವೇರಿಯಬಲ್ ಇಲ್ಲ. ಮತ್ತು ದುಡ್ಡು ಕೊಡುವ ದಿನ ಉದ್ಯೋಗಿ ಕೆಲಸದಲ್ಲಿರಬೇಕು, ನೋಟಿಸ್ ಪೀರಿಯಡ್‌ನಲ್ಲಿರಬಾರದು. ಅವಳು ಸೇರಬೇಕಾಗಿದ್ದದ್ದು ಜನವರಿ ಮಧ್ಯದಲ್ಲಿ. ವರ್ಷದ ವೇರಿಯಬಲ್ ಕೊಡುವುದು ಮೇ ತಿಂಗಳಲ್ಲಿ. ಅಂದರೆ ಮೊದಲ ವೇರಿಯಬಲ್ ಅವಳ ಕೈಗೆ ಬರುವುದು ಸೇರಿದ ಹದಿನಾರು ತಿಂಗಳಿಗೆ. ಆಫರ್ ಲೆಟರ್‌ನ ಮೊದಲ ಪುಟದಲ್ಲಿ ಇದರ ಸುಳಿವೇ ಇರಲಿಲ್ಲ.

ಈಗ ಆ 2,50,000. ಜಾಯಿನಿಂಗ್ ಬೋನಸ್ ಒಂದೇ ಸಲ ಬರುತ್ತದೆ, ಮುಂದಿನ ವರ್ಷ ಇಲ್ಲ. ಅದನ್ನು ವರ್ಷದ ಸಂಬಳದ ಒಳಗೆ ಕೂಡಿಸಿ 20 ಲಕ್ಷ ಅಂತ ತೋರಿಸುವುದೇ ನನಗೆ ಸರಿ ಕಾಣುವುದಿಲ್ಲ. ಎರಡನೇ ವರ್ಷ ಅದೇ ಆಫರ್ 17.5 ಲಕ್ಷ ಆಗಿಬಿಡುತ್ತದೆ. ಹಾಗಾಗಿ ಅದನ್ನು ಅಲ್ಲಿ ಎಷ್ಟು ವರ್ಷ ಇರುತ್ತೀರೋ ಅಷ್ಟರಿಂದ ಭಾಗಿಸಬೇಕು. ಅವಳ ಅಂದಾಜು ಮೂರು ವರ್ಷ. ಹಾಗಾದರೆ ವರ್ಷಕ್ಕೆ ಸುಮಾರು 83,300.

ಈ ಬೋನಸ್ಸಿಗೂ ಸಂಬಳದ ಹಾಗೇ ತೆರಿಗೆ ಇದೆ. ಅವಳ ಸಂಬಳದ ಮಟ್ಟದಲ್ಲಿ ಪೂರ್ತಿ ವರ್ಷದ ಲೆಕ್ಕ ಹಿಡಿದರೆ ಎರಡೂವರೆ ಲಕ್ಷದಲ್ಲಿ ಸುಮಾರು 40 ಸಾವಿರ ತೆರಿಗೆಗೆ ಹೋಗಿ 2,10,000 ಕೈಗೆ ಬರುತ್ತದೆ. ಆದರೆ 12 ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅಂತ ಷರತ್ತು ಇರುತ್ತದೆ. ಕೆಲವು ಕಡೆ 24 ತಿಂಗಳೂ ಇರುತ್ತದೆ. ವಾಪಸ್ ಕೊಡಬೇಕಾದ್ದು ಎಷ್ಟು? ಅವಳ ಲೆಟರ್‌ನಲ್ಲಿ 2,50,000 ಪೂರ್ತಿ ಅಂತ ಬರೆದಿತ್ತು. ಕೈಗೆ ಬಂದದ್ದಕ್ಕಿಂತ 40 ಸಾವಿರ ಜಾಸ್ತಿ.

ಇದು ನನಗೇ ಆದ ಅನುಭವ. ಹಿಂದೆ ಒಂದು ಕಂಪನಿಗೆ ಸೇರಿ ಅಪ್ಪನ ಆರೋಗ್ಯ ಕೆಟ್ಟದ್ದರಿಂದ ಹನ್ನೊಂದನೇ ತಿಂಗಳಲ್ಲಿ ಬಿಡಬೇಕಾಯಿತು. ಇನ್ನೊಂದು ತಿಂಗಳು ತಾನೇ, ಹನ್ನೆರಡರಲ್ಲಿ ಒಂದು ಭಾಗ ಕೇಳಬಹುದು ಅಂದುಕೊಂಡಿದ್ದೆ. ಕೊನೆಯ ಸೆಟಲ್‌ಮೆಂಟ್‌ನಲ್ಲಿ ಪೂರ್ತಿ ಮೊತ್ತ ಹಿಡಿದುಕೊಂಡರು, ತೆರಿಗೆ ಕಳೆಯುವುದಕ್ಕೂ ಮೊದಲಿನ ಮೊತ್ತ. ಬೋನಸ್ ತಗೊಂಡ ಆರ್ಥಿಕ ವರ್ಷದಲ್ಲೇ ವಾಪಸ್ ಕೊಟ್ಟರೆ ಪೇರೋಲ್‌ನವರು ತೆರಿಗೆ ಸರಿಹೊಂದಿಸುವ ದಾರಿ ಇರುತ್ತದೆ. ಮಾರ್ಚ್ 31 ದಾಟಿದರೆ ಆ ತೆರಿಗೆ ದುಡ್ಡನ್ನು ವಾಪಸ್ ಪಡೆಯುವುದು ತುಂಬಾ ಕಷ್ಟ. ನನ್ನದು ದಾಟಿತ್ತು. ಆಮೇಲೆ ಯಾರೇ ಕೇಳಿದರೂ ನಾನು ಎರಡು ಮಾತು ಹೇಳುತ್ತೇನೆ. ಸಹಿ ಹಾಕುವ ಮೊದಲು "ಕೆಲಸ ಮಾಡಿದ ತಿಂಗಳು ಬಿಟ್ಟು ಉಳಿದದ್ದಕ್ಕೆ ಮಾತ್ರ" ಮತ್ತು "ತೆರಿಗೆ ಕಳೆದು ಕೈಗೆ ಬಂದ ಮೊತ್ತ ಮಾತ್ರ" ಅಂತ ಲೆಟರ್‌ನಲ್ಲಿ ಬರೆಸಿಕೊಳ್ಳಿ. ಕೇಳಿದರೆ ಬದಲಾಯಿಸಿಕೊಡುವ ಕಂಪನಿಗಳಿವೆ.

ಬೆನಿಫಿಟ್‌ಗಳಲ್ಲಿ ನಾವು ಒಂದನ್ನೇ ರೂಪಾಯಿಗೆ ಇಳಿಸಿದೆವು: ಅಪ್ಪ ಅಮ್ಮನ ಆರೋಗ್ಯ ವಿಮೆ. ಅವಳಿಗೆ ಎರಡೂ ಕಡೆ ವಿಮೆ ಇದೆ, ಸರಿಸಮ, ಬಿಟ್ಟುಬಿಡಿ. ವೈಟ್‌ಫೀಲ್ಡ್‌ನವರು ಅದರ 13,800 ಪ್ರೀಮಿಯಂ ಸಿಟಿಸಿಯಲ್ಲಿ ತೋರಿಸಿದ್ದಾರೆ, ಇನ್ನೊಬ್ಬರು ತೋರಿಸಿಲ್ಲ, ಅಷ್ಟೇ ವ್ಯತ್ಯಾಸ. ಆದರೆ ದಾವಣಗೆರೆಯಲ್ಲಿರುವ ಅಕ್ಕ ಭಾವನಿಗೆ 5 ಲಕ್ಷದ ಕವರ್ ಎಲೆಕ್ಟ್ರಾನಿಕ್ ಸಿಟಿ ಕಂಪನಿಯ ಖರ್ಚಲ್ಲೇ ಸಿಗುತ್ತದೆ. ವೈಟ್‌ಫೀಲ್ಡ್‌ನಲ್ಲಿ ಅದೇ ಕವರ್ ಬೇಕಾದರೆ ಅವಳ ಸಂಬಳದಿಂದ ವರ್ಷಕ್ಕೆ 32,000 ಹಿಡಿಯುತ್ತಾರೆ. ಹೇಗಿದ್ದರೂ ಅವಳು ಅದನ್ನು ತಗೊಳ್ಳುವವಳೇ. ಹಾಗಾಗಿ 32,000ವನ್ನು ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಸೇರಿಸಿದೆವು. ಯಾವ ಬೆನಿಫಿಟ್‌ಗೂ ಇದೇ ಅಳತೆ: ಅದಿಲ್ಲದಿದ್ದರೆ ನೀವು ನಿಮ್ಮ ಜೇಬಿನಿಂದ ಕೊಟ್ಟು ಕೊಳ್ಳುತ್ತಿದ್ದಿರಾ? ಕೊಳ್ಳುತ್ತಿದ್ದರೆ ಆ ಬೆಲೆ ಹಾಕಿ. ಜಿಮ್ ಮೆಂಬರ್‌ಶಿಪ್ ಇದೆ, ಆದರೆ ನೀವು ಹೋಗುವವರಲ್ಲ ಅಂದರೆ ಅದಕ್ಕೆ ಬೆಲೆ ಇಲ್ಲ. ವಿಮೆಯಲ್ಲಿ ಮಾತ್ರ ಪಾಲಿಸಿಯ ಒಳಗಿನ ವಿವರ ಕೇಳಿ. ಅಪ್ಪ ಅಮ್ಮನ ಬಿಲ್ಲಿನಲ್ಲಿ 20% ನೀವೇ ಕಟ್ಟಬೇಕು ಅಂತ ಇದ್ದರೆ ಬೆಲೆ ಕಡಿಮೆ ಹಾಕಬೇಕು. ಕೆಲಸ ಬಿಟ್ಟ ದಿನ ಆ ಕವರ್ ಕೂಡ ನಿಲ್ಲುತ್ತದೆ.

ಈಗ ಕೂಡೋಣ. ವೈಟ್‌ಫೀಲ್ಡ್: ಫಿಕ್ಸೆಡ್ 14,40,000, ಪಿಎಫ್ 21,600, ವೇರಿಯಬಲ್ 1,56,000, ಬೋನಸ್ಸಿನ ಮೂರನೇ ಒಂದು ಭಾಗ 83,300. ಒಟ್ಟು 17,00,900. ಎಲೆಕ್ಟ್ರಾನಿಕ್ ಸಿಟಿ: 15,60,000, ಪಿಎಫ್ 93,600, ವೇರಿಯಬಲ್ 90,000, ವಿಮೆ 32,000. ಒಟ್ಟು 17,75,600.

ಲೆಟರ್ ಪ್ರಕಾರ ಎರಡು ಲಕ್ಷದಷ್ಟು ಹಿಂದಿದ್ದ ಆಫರ್ ವರ್ಷಕ್ಕೆ 74,700 ಮುಂದೆ ಬಂತು.

ಇಲ್ಲಿಗೇ ನಿಲ್ಲಿಸಬಾರದು, ಯಾಕೆಂದರೆ "ಮೂರು ವರ್ಷ" ಅನ್ನುವುದು ನಮ್ಮ ಊಹೆ. ಅದು ತಪ್ಪಿದರೆ? ಬೋನಸ್ ಪಕ್ಕಕ್ಕಿಟ್ಟು ನೋಡಿದರೆ ವೈಟ್‌ಫೀಲ್ಡ್ 16,17,600, ಎಲೆಕ್ಟ್ರಾನಿಕ್ ಸಿಟಿ 17,75,600. ಅಂದರೆ ವೈಟ್‌ಫೀಲ್ಡ್‌ನಲ್ಲಿ ಸೇರಿದರೆ ವರ್ಷಕ್ಕೆ 1,58,000 ಕಡಿಮೆ ಆಗುತ್ತಾ ಹೋಗುತ್ತದೆ. ಆ ಕಡಿಮೆಯನ್ನು ಮೊದಲ ದಿನ ಸಿಕ್ಕ 2,50,000 ತುಂಬಿಕೊಡುತ್ತದೆ. ಎಲ್ಲಿವರೆಗೆ? 2,50,000ವನ್ನು 1,58,000ದಿಂದ ಭಾಗಿಸಿದರೆ 1.58 ವರ್ಷ, ಅಂದರೆ 19 ತಿಂಗಳು. ವೇರಿಯಬಲ್ ಯಾವಾಗ ಕೈಗೆ ಬರುತ್ತದೆ ಅನ್ನುವುದನ್ನು ಬಿಟ್ಟು ನೋಡಿದರೆ, 19 ತಿಂಗಳೊಳಗೆ ಬಿಡುವುದಾದರೆ ವೈಟ್‌ಫೀಲ್ಡ್ ಲಾಭ, ಅದೂ ವಾಪಸ್ ಕೊಡುವ ಷರತ್ತಿನ 12 ತಿಂಗಳು ದಾಟಿದ ಮೇಲೆ. ಅದಕ್ಕಿಂತ ಜಾಸ್ತಿ ಇರುವುದಾದರೆ ಎಲೆಕ್ಟ್ರಾನಿಕ್ ಸಿಟಿ. ಎರಡು ಆಫರ್ ನಡುವೆ ಜಾಯಿನಿಂಗ್ ಬೋನಸ್ ಇದ್ದಾಗ ನಾನು ಮೊದಲು ಹುಡುಕುವುದು ಈ ತಿಂಗಳನ್ನೇ.

ಇನ್ನೊಂದು ಊಹೆ ವೇರಿಯಬಲ್‌ದು. ಅದನ್ನೂ ತಿರುಗಿಸಿ ಕೇಳಬಹುದು: ಮೂರು ವರ್ಷ ಇದ್ದರೂ ವೈಟ್‌ಫೀಲ್ಡ್ ಸರಿಸಮ ಬರಬೇಕಾದರೆ ವೇರಿಯಬಲ್ ಎಷ್ಟು ಬರಬೇಕು? 1,56,000ಕ್ಕೆ 74,700 ಸೇರಿಸಿದರೆ 2,30,700. ಟಾರ್ಗೆಟ್‌ನ 96%. ಪ್ರತಿ ವರ್ಷವೂ. 60, 70 ಕೊಟ್ಟಿರುವ ಕಂಪನಿಯಿಂದ ಅದನ್ನು ನಿರೀಕ್ಷೆ ಮಾಡುವುದು ಕಷ್ಟ.

ಮೂರನೆಯದು ಹೈಕ್. ಬಹಳ ಕಡೆ ವರ್ಷದ ಹೈಕ್ ಲೆಕ್ಕ ಹಾಕುವುದು ಫಿಕ್ಸೆಡ್ ಮೇಲೆ. ಎರಡೂ ಕಡೆ 8% ಕೊಟ್ಟರು ಅಂದುಕೊಳ್ಳಿ. ಎರಡು ಹೈಕ್ ಆಗುವಷ್ಟರಲ್ಲಿ ಇಲ್ಲಿ 16.80 ಲಕ್ಷ, ಅಲ್ಲಿ 18.20 ಲಕ್ಷ. 1.20 ಲಕ್ಷದ ಅಂತರ 1.40 ಆಗಿರುತ್ತದೆ. ಮುಂದಿನ ಕಂಪನಿಯವರೂ "ಈಗ ಫಿಕ್ಸೆಡ್ ಎಷ್ಟು?" ಅಂತಲೇ ಕೇಳುತ್ತಾರೆ. ಮುಗಿದುಹೋದ ಜಾಯಿನಿಂಗ್ ಬೋನಸ್ ಆಗ ಲೆಕ್ಕಕ್ಕೆ ಬರುವುದಿಲ್ಲ.

ಓಡಾಟವನ್ನು ನಾವು ರೂಪಾಯಿಗೆ ಇಳಿಸಲಿಲ್ಲ. ಅವಳು ಇರುವುದು ಜಯನಗರದಲ್ಲಿ. 2025ರ ಆಗಸ್ಟ್‌ನಲ್ಲಿ ಹಳದಿ ಲೈನ್ ಶುರುವಾದ ಮೇಲೆ ಆರ್‌ವಿ ರೋಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ನೇರ ಮೆಟ್ರೋ ಇದೆ. ವೈಟ್‌ಫೀಲ್ಡ್‌ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಲೈನ್ ಹಿಡಿದು ಊರಿನ ಆ ತುದಿಗೆ ಹೋಗಬೇಕು. ಗಂಟೆಗೆ ಇಷ್ಟು ರೂಪಾಯಿ ಅಂತ ಹಾಕುವವರಿದ್ದಾರೆ. ನನಗೆ ಅದು ಸರಿ ಅನಿಸುವುದಿಲ್ಲ, ಯಾಕೆಂದರೆ ಆ ದರ ನಾವೇ ಹಾಕಿಕೊಂಡದ್ದು, ಅದನ್ನು ಸ್ವಲ್ಪ ಎಳೆದರೆ ಉತ್ತರ ಬೇಕಾದ ಕಡೆ ತಿರುಗುತ್ತದೆ. ದುಡ್ಡಿನ ಲೆಕ್ಕ ಮುಗಿಸಿ, ಪಕ್ಕದಲ್ಲಿ "ದಿನಕ್ಕೆ ಎರಡು ಗಂಟೆ ಉಳಿತಾಯ" ಅಂತ ಬರೆದಿಟ್ಟೆವು.

ಸೋಮವಾರ ಮಧ್ಯಾಹ್ನ ಅವಳು ವೈಟ್‌ಫೀಲ್ಡ್‌ನ ಎಚ್‌ಆರ್‌ಗೆ ಫೋನ್ ಮಾಡಿದಳು. ವೇರಿಯಬಲ್‌ನಲ್ಲಿ 1,20,000 ಕಡಿಮೆ ಮಾಡಿ ಅದನ್ನು ಫಿಕ್ಸೆಡ್‌ಗೆ ಹಾಕುತ್ತೀರಾ ಅಂತ ಕೇಳಿದಳು. ಒಟ್ಟು ಮೊತ್ತ ಹಾಗೇ ಇರಲಿ, ಒಳಗಿನ ಹಂಚಿಕೆ ಬದಲಾಗಲಿ ಅಂತ. ಆ ಗ್ರೇಡ್‌ಗೆ ಹಂಚಿಕೆ ನಿಗದಿಯಾಗಿದೆ, ಬದಲಾಯಿಸಲು ಆಗುವುದಿಲ್ಲ ಅಂದರು. ಪಿಎಫ್ ಪೂರ್ತಿ ಬೇಸಿಕ್ ಮೇಲೆ ಕಟ್ಟುವುದೂ ಆಗಲಿಲ್ಲ. ಅರ್ಧ ಗಂಟೆ ಬಿಟ್ಟು ಅವರೇ ವಾಪಸ್ ಫೋನ್ ಮಾಡಿ ಜಾಯಿನಿಂಗ್ ಬೋನಸ್ 3,00,000 ಮಾಡುತ್ತೇವೆ ಅಂದರು.

ಅವಳು ಫೋನ್ ಇಟ್ಟು ಅದೇ ಹಾಳೆಯ ಅಂಚಿನಲ್ಲಿ ಭಾಗಾಕಾರ ಮಾಡಿದಳು. "ಮಾವ, 19 ತಿಂಗಳಿದ್ದದ್ದು 23 ಆಯ್ತು, ಅಷ್ಟೇ" ಅಂದಳು. ಸಂಜೆ ಐದೂವರೆಗೆ ಎಲೆಕ್ಟ್ರಾನಿಕ್ ಸಿಟಿಯ ಲೆಟರ್‌ಗೆ ಸಹಿ ಹಾಕಿ ಕಳಿಸಿದಳು. ಅದಕ್ಕೂ ಮೊದಲು ಅಪ್ಪ ಅಮ್ಮನ ವಿಮೆಯ ಮಾತು ಬರೀ ಫೋನ್‌ನಲ್ಲಿ ಹೇಳಿದ್ದಾಗಿತ್ತು, ಅದನ್ನು ಮೇಲ್‌ನಲ್ಲಿ ಬರೆಸಿಕೊಂಡಳು.